ಕಂಬಿ ಕೊಳ್ಳೋ ಮೊದಲು ಅದರ ಮೈಮೇಲಿನ ಅಕ್ಷರ ಓದಿ

ಈ ಸಲ ಬೆಳೆ ವಿಷಯ ಅಲ್ಲ, ಕಬ್ಬಿಣದ ವಿಷಯ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಮನೆ, ಕೊಟ್ಟಿಗೆ ಅಂತ ಕೆಲಸ ಶುರು ಮಾಡೋರು ಬಹಳ ಜನ. ಅಂಗಡಿಯವರು ವಾಟ್ಸಾಪಿನಲ್ಲಿ ಕಂಬಿ ಫೋಟೋ ಕಳಿಸ್ತಾರೆ, ನಾವು ರೇಟು ಮಾತ್ರ ನೋಡಿ ಅಡ್ವಾನ್ಸ್ ಹಾಕಿಬಿಡ್ತೀವಿ. ಅಕ್ಷರ ಕಾಣೋ ಫೋಟೋ ಬರೋವರೆಗೂ ಒಂದು ರೂಪಾಯಿ ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ನಮ್ಮ ಕೊಟ್ಟಿಗೆ ತಾರಸಿಗೆ 12 ಎಂಎಂ ಕಂಬಿ 60 ಬೇಕಿತ್ತು. ಇಂಜಿನಿಯರ್ ಚೀಟಿಯಲ್ಲಿ Fe 500D ಅಂತ ಬರೆದಿದ್ದರು. ಒಂದು ಅಂಗಡಿಯವರು ಪೀಸಿನ ಲೆಕ್ಕದಲ್ಲಿ ಒಳ್ಳೆ ರೇಟು ಹೇಳಿ ಫೋಟೋ ಕಳಿಸಿದರು. ಅದರಲ್ಲಿ ಕಂಬಿಯ ತುದಿಗೆ ಹಚ್ಚಿದ ಬಣ್ಣ, ಒಂದು ಸ್ಟಿಕ್ಕರ್, ಇಷ್ಟೇ ಕಾಣ್ತಿತ್ತು. ಬಣ್ಣ ಯಾರು ಬೇಕಾದ್ರೂ ಹಚ್ಚಬಹುದು, ಸ್ಟಿಕ್ಕರ್ ಯಾರು ಬೇಕಾದ್ರೂ ಅಂಟಿಸಬಹುದು. ನಿಜವಾದ ಗುರುತು ಕಂಬಿ ಮೈಮೇಲೇ ಇರುತ್ತೆ. ಕಾರ್ಖಾನೆಯಲ್ಲಿ ಕಂಬಿ ಎಳೆಯೋ ರೋಲಿನಲ್ಲಿ ಅಕ್ಷರ ಕೊರೆದಿರ್ತಾರೆ. ಕೆಂಪಗೆ ಕಾದ ಕಬ್ಬಿಣ ಅದರಲ್ಲಿ ಹಾದು ಬಂದಾಗ ಅಕ್ಷರ ಉಬ್ಬಿ ಮೂಡುತ್ತೆ, ಬೆರಳಾಡಿಸಿದರೆ ತಾಕುತ್ತೆ. ರೋಲು ಒಂದು ಸುತ್ತು ತಿರುಗಿದಾಗಲೆಲ್ಲ ಅದೇ ಅಕ್ಷರ ಮತ್ತೆ ಬೀಳೋದರಿಂದ ಕಂಬಿ ಉದ್ದಕ್ಕೂ ಒಂದೇ ಅಂತರದಲ್ಲಿ ಕಾಣುತ್ತೆ.

ಅದಕ್ಕೇ ನಾನು ಹೇಳಿದೆ, "ಅಣ್ಣಾ, ಒಂದು ಕಂಬಿ ಹೊರಗೆ ಎಳೆದು ಬಟ್ಟೆಯಲ್ಲಿ ಒರೆಸಿ. ಬೆಳಕು ಪಕ್ಕದಿಂದ ಬೀಳೋ ಹಾಗೆ ಇಟ್ಟು, ಕಂಬಿ ನಿಧಾನಕ್ಕೆ ಹೊರಳಿಸ್ತಾ ಎರಡು ಮಾರು ಉದ್ದ ವಿಡಿಯೋ ಮಾಡಿ." ನೇರ ಬಿಸಿಲಲ್ಲಿ ಮೇಲಿಂದ ತೆಗೆದರೆ ಉಬ್ಬಿದ ಅಕ್ಷರಕ್ಕೆ ನೆರಳೇ ಬೀಳಲ್ಲ, ಓದೋಕಾಗಲ್ಲ. ಹೊರಳಿಸದಿದ್ರೆ ಅಕ್ಷರ ಇರೋ ಮಗ್ಗುಲು ಕೆಳಗೇ ಉಳಿದುಬಿಡಬಹುದು.

ವಿಡಿಯೋ ಬಂತು. ದೊಡ್ಡದು ಮಾಡಿ ಓದಿದೆ. ಬ್ರ್ಯಾಂಡಿನ ಹೆಸರು, ಆಮೇಲೆ Fe 500. ಅಷ್ಟೇ, ಮುಂದೆ D ಇಲ್ಲ. ಕೇಳಿದ್ದಕ್ಕೆ "ಎಲ್ಲಾ ಒಂದೇ ಬಿಡಿ ಸಾರ್" ಅಂದರು.

ಒಂದೇ ಅಲ್ಲ. 500 ಅನ್ನೋದು ಎಷ್ಟು ಎಳೆತದವರೆಗೆ ಕಂಬಿ ಸೋಲದೆ ತಡೆಯುತ್ತೆ ಅನ್ನೋ ಅಳತೆ, ಅದು ಎರಡಕ್ಕೂ ಸಮ. D ಅನ್ನೋದು ಮುರಿಯೋ ಮೊದಲು ಎಷ್ಟು ಹಿಗ್ಗುತ್ತೆ ಅನ್ನೋದಕ್ಕೆ. ಐಎಸ್ 1786 ಪ್ರಕಾರ Fe 500 ಕಂಬಿ ಕನಿಷ್ಠ 12 ಪರ್ಸೆಂಟ್ ಹಿಗ್ಗಬೇಕು, Fe 500D ಆದರೆ 16. D ಕಂಬಿಯಲ್ಲಿ ಗಂಧಕ, ರಂಜಕ ಕೂಡ ಕಡಿಮೆ ಇರಬೇಕು. ಹಾಗಂತ ನಂಬರ್ ದೊಡ್ಡದಾದರೆ ಒಳ್ಳೇದು ಅಂತಾನೂ ಅಲ್ಲ. D ಇಲ್ಲದ Fe 550 ಕಂಬಿಗೆ 10 ಪರ್ಸೆಂಟ್ ಹಿಗ್ಗಿದರೆ ಸಾಕು. ಇಂಜಿನಿಯರ್ ಏನು ಬರೆದಿದ್ದಾರೋ ಅದನ್ನೇ ತರಬೇಕು.

ಆದ್ರೂ ರೇಟಿನ ಆಸೆಗೆ ಅಂಗಡಿಗೇ ಹೋದೆ. ಒಂದು ಕಂಬಿಗೆ ಟೇಪು ಹಿಡಿದೆ, ಸರಿಯಾಗಿ 12 ಮೀಟರ್. ಅವರದೇ ತಕ್ಕಡಿಗೆ ಹಾಕಿದರೆ 9.8 ಕೆಜಿ. ಲೆಕ್ಕ ಸುಲಭ. ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತೆ. 12 ಎಂಎಂಗೆ 0.89 ಕೆಜಿ ಹತ್ತಿರ, ಅಂದ್ರೆ ಪೂರಾ ಕಂಬಿಗೆ 10.66. ಈ ದಪ್ಪದಲ್ಲಿ ಒಂದು ಕಂಬಿ 6 ಪರ್ಸೆಂಟ್ ಕಡಿಮೆ ತೂಗಬಹುದು, ಅಂದ್ರೆ 10 ಕೆಜಿಗಿಂತ ಕೆಳಗೆ ಇಳಿಯಬಾರದು. ಇದು 8 ಪರ್ಸೆಂಟ್ ಕಡಿಮೆ. 60 ಕಂಬಿಗೆ 50 ಕೆಜಿ ಮೇಲೆ ಕಬ್ಬಿಣ ಹೋಯ್ತು. ಅಗ್ಗದ ರೇಟು ಎಲ್ಲಿಂದ ಬಂತು ಅಂತ ಅಲ್ಲೇ ಗೊತ್ತಾಯ್ತು. ವಾಪಸ್ ಬಂದೆ.

ಅಕ್ಷರ ಓದಿದ ಮಾತ್ರಕ್ಕೆ ಕಂಬಿ ಒಳ್ಳೇದು ಅಂತ ಆಗಲ್ಲ, ಇದು ನೆನಪಿರಲಿ. ಹೆಸರುವಾಸಿ ಬ್ರ್ಯಾಂಡಿನ ಹೆಸರಿಗೆ ಒಂದಕ್ಷರ ಸೇರಿಸಿ ರೋಲು ಕೊರೆಸೋರೂ ಇದ್ದಾರೆ. ಅದಕ್ಕೆ ಒಂದೊಂದೇ ಅಕ್ಷರ ಓದಿ. ಕಟ್ಟಿಗೆ ಕಟ್ಟಿದ ಚೀಟಿಯ ಫೋಟೋನೂ ತರಿಸಿ. ಅದರಲ್ಲಿ ಗ್ರೇಡು, ಸೈಜು, ಲಾಟ್ ನಂಬರ್ ಇರಬೇಕು. ಐಎಸ್‌ಐ ಗುರುತಿನ ಜೊತೆ CM/L ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನು BIS Care ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಚಾಲ್ತಿ ಇದೆಯಾ ಅಂತ ತೋರಿಸುತ್ತೆ. ಮೈಮೇಲಿನ ಹೆಸರು, ಚೀಟಿ, ಆ್ಯಪು ಮೂರೂ ತಾಳೆ ಆಗಬೇಕು.

ಕೊನೆಗೆ ನಾನು ತಂದಿದ್ದು ಬೇರೆ ಅಂಗಡಿಯಿಂದ, ಕೆಜಿ ಲೆಕ್ಕದಲ್ಲಿ, ಬಿಲ್ಲಿನ ಮೇಲೆ ಬ್ರ್ಯಾಂಡು, Fe 500D ಎರಡೂ ಬರೆಸಿ. ಲಾರಿ ಬಂದಾಗ ಇಳಿಸೋ ಮೊದಲು ನಾಲ್ಕು ಕಂಬಿ ಎಳೆದು ಮತ್ತೆ ಅಕ್ಷರ ನೋಡಿದೆ. ಫೋಟೋದ ಕಂಬಿ ಒಂದು, ಲಾರಿಯ ಕಂಬಿ ಇನ್ನೊಂದು ಆಗೋದೂ ಉಂಟು. ಕಾಂಕ್ರೀಟ್ ಹಾಕಿದ ಮೇಲೆ ಆ ಅಕ್ಷರ ಓದೋರು ಯಾರೂ ಇಲ್ಲ.