ಗುಡಿಗೆರೆಯ ಶಾಸನವೂ ಅಲ್ಪವಿರಾಮದ ಸೋಮಾರಿತನವೂ

‘ಅಲ್ಪವಿರಾಮ, ಪೂರ್ಣವಿರಾಮಗಳು ಇಂಗ್ಲಿಷಿನಿಂದ ಬಂದವು, ನಮ್ಮ ಶಾಸನಗಳಲ್ಲಿ ಅವು ಎಲ್ಲಿದ್ದವು? ಕನ್ನಡ ಪ್ರಬಂಧಕ್ಕೆ ಈ ಕಟ್ಟುಪಾಡು ಏಕೆ?’ ಎಂಬ ವಾದವನ್ನು ಸಂಶೋಧನ ವಿದ್ಯಾರ್ಥಿಗಳಿಂದ ಮಾತ್ರವಲ್ಲ, ಅವರ ಮಾರ್ಗದರ್ಶಕರಿಂದಲೂ ಕೇಳಿದ್ದೇನೆ. ವಾದದ ಮೊದಲ ಭಾಗ ನಿಜ. ಅದರಿಂದ ತೆಗೆದ ತೀರ್ಮಾನ ಮಾತ್ರ ತಲೆಕೆಳಗಾದುದು. ಶಾಸನವನ್ನೇ ಸಾಕ್ಷಿಗೆ ಕರೆಯುವುದಾದರೆ ಇಲ್ಲಿಯದೇ ಒಂದನ್ನು ನೋಡೋಣ.

ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ದೊರೆತು ಫ್ಲೀಟ್ ಅವರಿಂದ ಪ್ರಕಟಗೊಂಡ ಕ್ರಿ.ಶ. 1076ರ ಜೈನ ಶಾಸನವು ಸಂಶೋಧಕರಿಗೆ ಪರಿಚಿತವಾದುದು. ಪ್ರೌಢಪ್ರಬಂಧಗಳಲ್ಲಿ ಇದರ ಸಾರವು ಸಾಮಾನ್ಯವಾಗಿ ತಾಳುವ ರೂಪವನ್ನು ಮಾದರಿಯಾಗಿ ನಾನೇ ಬರೆದು ತೋರಿಸುತ್ತೇನೆ:

‘ಕುಂಕುಮ ಮಹಾದೇವಿ ಪುರಿಗೆರೆಯಲ್ಲಿ ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದಳು, ಗುಡಿಗೆರೆಯ ಭೂಮಿ ಬಸದಿಯ ಅಧೀನದಲ್ಲಿತ್ತು, ಶ್ರೀನಂದಿ ಪಂಡಿತರು ಅದನ್ನು ಪಡೆದರು, ಶಿಷ್ಯ ಸಿಂಗಯ್ಯನಿಗೆ ಕೊಟ್ಟರು, ಋಷಿಯರ ಆಹಾರದಾನಕ್ಕೆ ಬಿಟ್ಟರು.’

ಇಲ್ಲಿ ಐದು ಪೂರ್ಣಕ್ರಿಯಾಪದಗಳಿವೆ. ಅವನ್ನು ಹಿಡಿದಿರುವುದು ನಾಲ್ಕು ಅಲ್ಪವಿರಾಮಗಳು. ಓದುಗನಿಗೆ ಇದು ಒಂದೇ ಕಾಲದ ಘಟನಾವಳಿಯಾಗಿ ಕಾಣುತ್ತದೆ. ಆದರೆ ಕುಂಕುಮ ಮಹಾದೇವಿಯು ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ತಂಗಿ. ಅವನ ಆಳ್ವಿಕೆ ಕ್ರಿ.ಶ. 696ರಿಂದ 733ರವರೆಗೆ. ಶ್ರೀನಂದಿ ಪಂಡಿತರಾದರೋ ಕಲ್ಯಾಣದ ಭುವನೈಕಮಲ್ಲನ ಕಾಲದವರು. ಎರಡನೆಯ ಅಲ್ಪವಿರಾಮವು ಮೂರೂವರೆ ಶತಮಾನಗಳನ್ನು ಸದ್ದಿಲ್ಲದೆ ನುಂಗಿದೆ. ಮೊದಲನೆಯದು ಇನ್ನೊಂದು ಪ್ರಶ್ನೆಯನ್ನು ಮುಚ್ಚಿದೆ: ಗುಡಿಗೆರೆಯ ಭೂಮಿಯನ್ನು ರಾಣಿಯೇ ದತ್ತಿ ಬಿಟ್ಟಳೇ, ಅಥವಾ ಅದು ಮುಂದೆಂದೋ ಬಸದಿಗೆ ಸೇರಿತೇ? ಕೊನೆಯದರಲ್ಲಿ ಕರ್ತೃವೇ ಬದಲಾಗಿದೆ: ಆಹಾರದಾನದ ಏರ್ಪಾಡು ಮಾಡಿದವನು ಸಿಂಗಯ್ಯ, ಪಂಡಿತರಲ್ಲ.

ಅಲ್ಪವಿರಾಮಗಳನ್ನು ಕಿತ್ತು ‘ಕಟ್ಟಿಸಿ... ಸೇರಿ... ಪಡೆದು... ಕೊಟ್ಟು’ ಎಂದು ಎಳೆದರೆ ದೋಷ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಕೃದಂತಾವ್ಯಯವು ಸಾಮಾನ್ಯವಾಗಿ ಒಬ್ಬನೇ ಕರ್ತೃವಿನ ಕ್ರಿಯೆಗಳನ್ನು ಪೋಣಿಸುತ್ತದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಬೇರೆಯಾದರೂ ನಾವು ಒಪ್ಪುವುದು ಮಳೆಯೇ ಕೆರೆ ತುಂಬಲು ಕಾರಣವಾದ್ದರಿಂದ. ‘ರಾಣಿ ಬಸದಿಯನ್ನು ಕಟ್ಟಿಸಿ ಪಂಡಿತರು ಭೂಮಿ ಪಡೆದರು’ ಎಂದು ಬರೆದವನು ಶಾಸನದಲ್ಲಿಲ್ಲದ ಕಾರ್ಯಕಾರಣವನ್ನು ತಾನೇ ಹೊಸೆದಂತಾಯಿತು.

ಮೂರನೆಯದು ತುಂಡುವಾಕ್ಯ. ಕ್ರಿಯಾಪದವಿಲ್ಲದ ವಾಕ್ಯವೆಲ್ಲ ತುಂಡಲ್ಲ. ‘ಪಂಪನು ಜೈನ ಕವಿ’ ಎಂಬುದು ಕನ್ನಡದಲ್ಲಿ ಪೂರ್ಣವಾಕ್ಯವೇ. ‘ಗುಡಿಗೆರೆಯ ಭೂಮಿ ಪುರಿಗೆರೆಯ ಬಸದಿಗೆ ಸೇರಿದ್ದುದರಿಂದ.’ ಎಂದು ಪೂರ್ಣವಿರಾಮವಿಟ್ಟರೆ ಅದು ತುಂಡು. ಹಿಂದಿನ ಮಾತಿಗೆ ಕಾರಣವೋ, ಮುಂದಿನದಕ್ಕೋ? ಎರಡು ಕಡೆಯೂ ಅದು ಅಂಟುತ್ತದೆ. ಆದ್ದರಿಂದ ಎಲ್ಲಿಯೂ ನಿಲ್ಲುವುದಿಲ್ಲ.

ಈಗ ಶಾಸನಗಳ ಮಾತಿಗೆ ಬರೋಣ. ಅವುಗಳಿಗೆ ಅಲ್ಪವಿರಾಮ ಬೇಕಿರಲಿಲ್ಲ; ಸಂಬಂಧವನ್ನು ಹೇಳುವ ಕೆಲಸವನ್ನು ಪ್ರತ್ಯಯಗಳು ಮಾಡುತ್ತಿದ್ದವು. ಚಾಲುಕ್ಯ ಶಾಸನಗಳಲ್ಲಿ ದೊರೆಯ ರಾಜ್ಯವು ‘ಸಲುತ್ತಮಿರೆ’ ಎಂದೊಡನೆ ಓದುಗನಿಗೆ ಎರಡು ಸಂಗತಿ ತಿಳಿಯುತ್ತವೆ: ಇದು ಹಿನ್ನೆಲೆಯ ಕಾಲ, ಮುಂದೆ ಬರುವ ಕರ್ತೃ ಬೇರೆ. ವೈಯಾಕರಣರು ಸತಿಸಪ್ತಮಿಯೆಂದು ಕರೆದ ಈ ರೂಪವು ಇಂದಿನ ಗ್ರಾಂಥಿಕ ಕನ್ನಡದ ‘ಬರಲು’, ‘ಕೊಡಲು’ ಎಂಬ ಬಳಕೆಗಳಲ್ಲಿ ಉಳಿದಿದೆ. ಆ ಕೀಲುಗಳನ್ನು ಕಳಚಿಟ್ಟು, ಅವುಗಳ ಜಾಗದಲ್ಲಿ ಅಲ್ಪವಿರಾಮವನ್ನು ಕೂರಿಸಿ, ಬಳಿಕ ಶಾಸನಕಾರನನ್ನೇ ರಕ್ಷಣೆಗೆ ಕರೆಯುವುದು ಅವನಿಗೆ ಮಾಡುವ ಅನ್ಯಾಯ.

ಆ ಸಾರವನ್ನು ಹೀಗೆ ಬರೆಯಬಹುದು: ‘ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿಯು ಹಿಂದೆ ಪುರಿಗೆರೆಯಲ್ಲಿ ಕಟ್ಟಿಸಿದ್ದ ಆನೆಸೆಜ್ಜೆಯ ಬಸದಿಯ ಅಧೀನಕ್ಕೆ ಗುಡಿಗೆರೆಯ ಭೂಮಿಯು ಸೇರಿತ್ತೆಂದು ಕ್ರಿ.ಶ. 1076ರ ಶಾಸನವು ಹೇಳುತ್ತದೆ. ಆ ಭೂಮಿಯನ್ನು ಶ್ರೀನಂದಿ ಪಂಡಿತರು ತಮ್ಮ ವಶಕ್ಕೆ ಪಡೆದರು. ಅದರ ಒಂದು ಭಾಗವನ್ನು ಅವರು ಶಿಷ್ಯ ಸಿಂಗಯ್ಯನಿಗೆ ಕೊಡಲು, ಆತನು ಅದನ್ನು ಋಷಿಯರ ಆಹಾರದಾನಕ್ಕೆ ಬಿಟ್ಟನು.’ ಇಲ್ಲಿ ‘ಕಟ್ಟಿಸಿದ್ದ’ ಎಂಬುದು ಕಾಲದ ಅಂತರವನ್ನು, ‘ಕೊಡಲು’ ಎಂಬುದು ಕರ್ತೃಭೇದವನ್ನು ತೋರಿಸುತ್ತದೆ. ‘ಎಂದು’ ಎಂಬುದು ಇನ್ನೂ ಮುಖ್ಯ: ಎಂಟನೆಯ ಶತಮಾನದ ಸಂಗತಿಗೆ ಹನ್ನೊಂದನೆಯ ಶತಮಾನದ ಸಾಕ್ಷ್ಯವಿದು ಎಂಬ ಎಚ್ಚರವನ್ನು ಆ ಒಂದು ಪದವೇ ಕಾಯುತ್ತದೆ.

ಕತೆಗಾರನು ‘ಬಂದ, ನೋಡಿದ, ಹೋದ’ ಎಂದು ಬರೆಯಲಿ. ಅಲ್ಲಿ ಕರ್ತೃವೂ ಒಬ್ಬನೇ, ಕಾಲವೂ ಒಂದೇ ಓಟ. ಸಂಶೋಧಕನಿಗೆ ಆ ಸಲುಗೆ ಇಲ್ಲ. ‘ಓದುಗ ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಲಿ’ ಎಂಬುದನ್ನು ಅನೇಕಾಂತವೆಂದು ಸಮರ್ಥಿಸಿದವರೂ ಉಂಟು. ಸ್ಯಾದ್ವಾದವು ಕೇಳುವುದು ಇದರ ವಿರುದ್ಧವನ್ನು: ಯಾವ ಅಪೇಕ್ಷೆಯಿಂದ ಈ ಮಾತು ನಿಜ ಎಂಬುದನ್ನು ಹೇಳಿಯೇ ನುಡಿಯಬೇಕು. ಅಲ್ಪವಿರಾಮಕ್ಕೆ ಆ ಅಪೇಕ್ಷೆಯನ್ನು ಹೇಳುವ ಶಕ್ತಿಯಿಲ್ಲ.