ಜಾಹೀರಾತಿನ ಫೋಟೊ ನೋಡಿ ಬರೆಯುವ ಅರಬ್ಬಿ ಅರ್ಜಿ

ನಮ್ಮ ಕಾಲೇಜಿನಲ್ಲಿ ಅರಬ್ಬಿ ಓದುವವರಿಗೆ ಊರಿನಲ್ಲಿ ಒಂದು ಕೆಲಸ ತಪ್ಪದೆ ಬರುತ್ತದೆ. ಯಾರೋ ಒಬ್ಬರು ಮೊಬೈಲ್ ತಂದು, ಪತ್ರಿಕೆಯಲ್ಲಿ ಬಂದ ಇಂಗ್ಲಿಷ್ ಜಾಹೀರಾತಿನ ಫೋಟೊ ತೋರಿಸಿ, "ಇದಕ್ಕ ಅರಬ್ಬಿದಾಗ ಒಂದು ಅರ್ಜಿ ಬರದು ಕೊಡು" ಅನ್ನುತ್ತಾರೆ. ಸೌದಿ, ದುಬೈ, ಕತಾರಿನ ಕೆಲಸಗಳ ಜಾಹೀರಾತು ಹೀಗೆ ಫೋಟೊ ಆಗಿಯೇ ಭಂಕೂರ, ಶಹಾಬಾದ್, ವಾಡಿಯ ಮನೆಮನೆಗೆ ತಲುಪುತ್ತದೆ. ನಾನೂ ಎರಡು ಮೂರು ಅರ್ಜಿ ಬರೆದುಕೊಟ್ಟಿದ್ದೇನೆ. ಮೊದಲಿನವು ಸರಿಯಾಗಿರಲಿಲ್ಲ ಎಂದು ಈಗ ಅನಿಸುತ್ತದೆ. ಆ ಅನುಭವದಿಂದ ನನಗೆ ತೋಚಿದ ಒಂದು ಮಾತನ್ನು ಇಲ್ಲಿ ಹೇಳಬೇಕೆಂದಿದ್ದೇನೆ: ಜಾಹೀರಾತಿನಲ್ಲಿ ಕೇಳಿದ್ದನ್ನೆಲ್ಲ "ನನ್ನಲ್ಲಿ ಇದೆ" ಎಂದು ತಿರುಗಿಸಿ ಬರೆಯುವುದು ಅರ್ಜಿಯಲ್ಲ. ಅದರಲ್ಲೂ ಸಹಿ ಹಾಕುವವನಿಗೆ ಓದಲು ಬಾರದ ಭಾಷೆಯಲ್ಲಿ ಹಾಗೆ ಬರೆಯುವುದು ದೊಡ್ಡ ತಪ್ಪು.

ಕಳೆದ ತಿಂಗಳು ನನ್ನ ಗೆಳೆಯನ ಅಣ್ಣ ಬಂದಿದ್ದರು. ವಯಸ್ಸು 24, ಪಿಯುಸಿ ಪಾಸು. ಫರಸಿ ಕಲ್ಲಿನ ಗೋದಾಮಿನಲ್ಲಿ ಎರಡು ವರ್ಷ ನಾಲ್ಕು ತಿಂಗಳಿಂದ ಲೆಕ್ಕ ಇಡುತ್ತಾರೆ. ಯಾವ ಅಳತೆಯ ಕಲ್ಲು ಎಷ್ಟು ಬಂತು, ಯಾವ ಲಾರಿಗೆ ಎಷ್ಟು ಹೋಯಿತು, ಒಡೆದದ್ದೆಷ್ಟು ಎಂಬುದನ್ನು ರಿಜಿಸ್ಟರಿನಲ್ಲೂ ಎಕ್ಸೆಲ್‌ನಲ್ಲೂ ಬರೆಯುತ್ತಾರೆ. ಅವರ ಮೊಬೈಲಿನಲ್ಲಿದ್ದದ್ದು ಸೌದಿ ಅರೇಬಿಯದ ಕಟ್ಟಡ ಸಾಮಗ್ರಿ ಕಂಪನಿಯೊಂದಕ್ಕೆ ಸ್ಟೋರ್‌ಕೀಪರ್ ಬೇಕೆಂಬ ಜಾಹೀರಾತು. ಜೊತೆಗೆ, ಹಣ ಕೊಟ್ಟು ಬೇರೆ ಕಡೆ ಬರೆಸಿದ್ದ ಒಂದು ಅರಬ್ಬಿ ಅರ್ಜಿಯೂ ಇತ್ತು. "ಇದರಾಗ ಏನ್ ಬರದಾದ, ಸ್ವಲ್ಪ ಓದಿ ಹೇಳಪಾ" ಅಂದರು.

ಓದಿದೆ. ಅದರಲ್ಲಿ ಅವರಿಗೆ ಮೂರು ವರ್ಷದ ಅನುಭವವಿತ್ತು, ಕಾಲೇಜಿನ ಪದವಿ ಇತ್ತು, ಅರಬ್ಬಿ ಭಾಷೆಯ ಮೇಲೆ ಪೂರ್ತಿ ಹಿಡಿತವೂ ಇತ್ತು! ಅರ್ಥ ಹೇಳಿದಾಗ ಅವರೇ ನಕ್ಕರು. ಆಮೇಲೆ ಸುಮ್ಮನಾದರು. ಆ ಕಾಗದದ ಕೆಳಗೆ ಅವರ ಸಹಿ ಆಗಲೇ ಬಿದ್ದಿತ್ತು.

ಹೊಸದಾಗಿ ಬರೆಯೋಣ ಎಂದು ಇಬ್ಬರೂ ಕುಳಿತೆವು. ಮೊದಲ ಕೆಲಸ ಅರಬ್ಬಿಯದಲ್ಲ, ಫೋಟೊದ್ದು. ಪತ್ರಿಕೆಯ ಮಡಿಕೆ ಸರಿಯಾಗಿ ಅನುಭವದ ಸಾಲಿನ ಮೇಲೆಯೇ ಬಿದ್ದಿತ್ತು. ಅಲ್ಲಿರುವುದು 3 ಅಥವಾ 8 ಎಂದು ತಿಳಿಯುತ್ತಿರಲಿಲ್ಲ. ಮೇಲಿನ ತಾರೀಖು, ಕೆಳಗಿನ ಎರಡು ಸಾಲು ಕತ್ತರಿಸಿ ಹೋಗಿದ್ದವು. ಫೋಟೊ ಕಳಿಸಿದವರಿಗೆ ಫೋನ್ ಮಾಡಿ ಪೂರ್ತಿ ಪುಟ ತರಿಸಿಕೊಂಡೆವು. ಕತ್ತರಿಸಿ ಹೋಗಿದ್ದ ಸಾಲಿನಲ್ಲೇ ಇಮೇಲ್ ವಿಳಾಸ, ಕೊನೆಯ ದಿನ ಮತ್ತು ಏಜೆಂಟರ ನೋಂದಣಿ ಸಂಖ್ಯೆ ಇದ್ದವು. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಂತೆ ನೋಂದಾಯಿಸಿಕೊಂಡಿರಬೇಕು. ಅವರ ಹೆಸರು ವಿದೇಶಾಂಗ ಸಚಿವಾಲಯದ emigrate.gov.in ತಾಣದ ಪಟ್ಟಿಯಲ್ಲಿ ಸಿಗುತ್ತದೆ. ಆ ಪಟ್ಟಿ ನೋಡಿದ ಮೇಲೆಯೇ ಪೆನ್ನು ಹಿಡಿದೆವು. ತಾರೀಖಿಲ್ಲದ ಹಳೆಯ ಜಾಹೀರಾತೂ ವರ್ಷಗಟ್ಟಲೆ ಮೊಬೈಲಿಂದ ಮೊಬೈಲಿಗೆ ತಿರುಗುತ್ತಿರುತ್ತದೆ. ಅಂಥದಕ್ಕೆ ಎಷ್ಟು ಚೆಂದದ ಅರಬ್ಬಿ ಬರೆದರೂ ಓದುವವರಿಲ್ಲ.

ಎರಡನೆಯ ಕೆಲಸ, ಕೇಳಿದ ಅರ್ಹತೆಗಳನ್ನು ಬೇರ್ಪಡಿಸುವುದು. ಒಂದು ಹಾಳೆಯಲ್ಲಿ ಮೂರು ಕಂಬ ಎಳೆದೆವು. ಮೊದಲ ಕಂಬದಲ್ಲಿ ಜಾಹೀರಾತು ಕೇಳಿದ್ದು, ಎರಡನೆಯದರಲ್ಲಿ ಅವರಲ್ಲಿರುವುದು, ಮೂರನೆಯದರಲ್ಲಿ ಅದನ್ನು ತೋರಿಸುವ ಕಾಗದ. ಹನ್ನೆರಡನೇ ತರಗತಿ ಪಾಸಾಗಿರಬೇಕು: ಅಂಕಪಟ್ಟಿ ಇದೆ. ಎಕ್ಸೆಲ್ ಕಡ್ಡಾಯ: ಬರುತ್ತದೆ, ಗೋದಾಮಿನ ಅನುಭವ ಪತ್ರದಲ್ಲಿ ಬರೆಸಬಹುದು. ಇ.ಸಿ.ಎನ್.ಆರ್. ಪಾಸ್‌ಪೋರ್ಟ್: ಹತ್ತನೇ ತರಗತಿ ಪಾಸಾದವರಿಗೆ ಸಿಗುವುದು ಅದೇ, ಅವರ ಬಳಿ ಇದೆ. ಕನಿಷ್ಠ ಮೂರು ವರ್ಷದ ಅನುಭವ: ಎಂಟು ತಿಂಗಳು ಕಡಿಮೆ. ಅರಬ್ಬಿ ಬಂದರೆ ಒಳ್ಳೆಯದು: ಓದಲು ಬರುತ್ತದೆ, ಮಾತಾಡಲು ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು "ಕಡ್ಡಾಯ" ಮತ್ತು "ಇದ್ದರೆ ಒಳ್ಳೆಯದು" ಎಂಬ ಎರಡು ಮಾತುಗಳ ನಡುವಿನ ದೂರ. ಅರಬ್ಬಿಯಲ್ಲಿ ಮೊದಲನೆಯದಕ್ಕೆ "ಯುಶ್ತರತ್" ಎಂದೂ ಎರಡನೆಯದಕ್ಕೆ "ಯುಫದ್ದಲ್" ಎಂದೂ ಹೇಳುತ್ತಾರೆ. ಈ ಜಾಹೀರಾತಿನಲ್ಲಿ ಅರಬ್ಬಿ ಭಾಷೆ ಎರಡನೆಯ ಗುಂಪಿನದು. ಅದಕ್ಕಾಗಿ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಹಣ ತೆಗೆದುಕೊಂಡು ಬರೆದವರು ಎರಡನ್ನೂ ಒಂದೇ ಎಂದು ತಿಳಿದು, ಕೇಳದ ಕಡೆಯೂ ಸುಳ್ಳು ಸೇರಿಸಿದ್ದರು.

ಮೂರನೆಯದು ಬರವಣಿಗೆ. ನಮ್ಮಂಥ ಉರ್ದು ಬಲ್ಲವರು ಎಡವುವುದು ಇಲ್ಲಿಯೇ. ಅಕ್ಷರ ಹೆಚ್ಚುಕಡಿಮೆ ಅವೇ, ಎಷ್ಟೋ ಪದಗಳೂ ಅವೇ, ಆದರೆ ಅರ್ಥ ಬೇರೆ. ನೌಕರಿಗೆ ಉರ್ದುವಿನಲ್ಲಿ "ಮುಲಾಝಮತ್" ಅನ್ನುತ್ತೇವೆ. ಅರಬ್ಬಿಯಲ್ಲಿ ನೌಕರಿ ಎಂದರೆ "ವಝೀಫ". ನಮ್ಮ ಮನೆಗಳಲ್ಲಿ "ವಝೀಫ" ಎಂದರೆ ವಿದ್ಯಾರ್ಥಿವೇತನ, ಇಲ್ಲವೆ ದಿನಾ ಪಠಿಸುವ ದುವಾ. ಉರ್ದುವಿನ "ರಕಮ್" ಹಣದ ಮೊತ್ತ, ಅರಬ್ಬಿಯ "ರಕ್ಮ್" ಸಂಖ್ಯೆ. ಪಾಸ್‌ಪೋರ್ಟ್ ಸಂಖ್ಯೆಯ ಮುಂದೆ ಬರೆಯುವುದು ಈ ಪದವನ್ನೇ. ಕೆಲಸದ ಅನುಭವಕ್ಕೆ ನಾವು "ತಜುರ್ಬಾ" ಅನ್ನುತ್ತೇವೆ, ಅಲ್ಲಿನ ಕಚೇರಿಯಲ್ಲಿ "ಖಿಬ್ರ" ಅನ್ನುತ್ತಾರೆ.

ಎಲ್ಲಕ್ಕಿಂತ ಅಪಾಯದ ಪದ "ಕುಲ್ಲಿಯ್ಯ". ನಾವು ಓದುವುದು ಪಿಯು ಕಾಲೇಜು. ಕಾಲೇಜಿಗೆ ಅರಬ್ಬಿ ಪದ ಹುಡುಕಿದರೆ "ಕುಲ್ಲಿಯ್ಯ" ಸಿಗುತ್ತದೆ. ಆದರೆ ಅರಬ್ ದೇಶದವರಿಗೆ ಅದು ವಿಶ್ವವಿದ್ಯಾಲಯಕ್ಕೆ ಸೇರಿದ, ಪದವಿ ಕೊಡುವ ಜಾಗ. ಪಿಯುಸಿ ಪಾಸಾದವನು "ಕುಲ್ಲಿಯ್ಯದಿಂದ ಉತ್ತೀರ್ಣನಾದೆ" ಎಂದು ಬರೆದರೆ, ಬೇಕೆಂದೇ ಸುಳ್ಳು ಹೇಳದಿದ್ದರೂ ಪದವೀಧರನೆಂದು ಹೇಳಿದಂತೆ ಆಗುತ್ತದೆ. ನಮ್ಮ ಹನ್ನೆರಡನೇ ತರಗತಿಗೆ ಸರಿಹೊಂದುವ ಮಾತು "ಶಹಾದ ಸಾನವಿಯ್ಯ", ಅಂದರೆ ಪ್ರೌಢ ಹಂತದ ಪ್ರಮಾಣಪತ್ರ. ಹಳೆಯ ಅರ್ಜಿಯಲ್ಲಿ ಅಣ್ಣನವರಿಗೆ ಪದವಿ ಬಂದದ್ದು ಹೀಗೆಯೇ ಇರಬೇಕು.

ಪತ್ರದ ಮೈ ದೊಡ್ಡದಾಗಬೇಕಿಲ್ಲ. ಮೇಲೆ ತಾರೀಖು. ಆಮೇಲೆ ಸಿಬ್ಬಂದಿ ವಿಭಾಗದ ಮುಖ್ಯಸ್ಥರನ್ನು "ಮುದೀರ್" ಎಂದು ಕರೆದು, ಕೊನೆಗೆ "ಅಲ್-ಮುಹ್ತರಮ್" ಎಂಬ ಗೌರವದ ಮಾತು. ಸಲಾಮ್ ಆದ ಮೇಲೆ "ವ ಬಅದ್" ಎಂದು ಬರೆದು ನೇರ ವಿಷಯಕ್ಕೆ ಬರಬೇಕು. ಸಲಾಮಿನ ನಂತರ ಅರ್ಧ ಪುಟ ಹೊಗಳಿಕೆ ಬರೆಯುವ ರೂಢಿ ನಮ್ಮಲ್ಲಿದೆ, ಅದು ಬೇಡ. ನಾವು ಬರೆದದ್ದರ ಸಾರ ಇಷ್ಟು: "ಇಂಥ ದಿನದ ಪತ್ರಿಕೆಯಲ್ಲಿ ಬಂದ ಸ್ಟೋರ್‌ಕೀಪರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಹನ್ನೆರಡನೇ ತರಗತಿಯ ಪ್ರಮಾಣಪತ್ರ ಪಡೆದಿದ್ದೇನೆ. ಕಟ್ಟಡದ ಕಲ್ಲಿನ ಗೋದಾಮಿನಲ್ಲಿ ಎರಡು ವರ್ಷ ನಾಲ್ಕು ತಿಂಗಳಿಂದ ಸರಕಿನ ಒಳಬರವು, ಹೊರಹೋಗುವಿಕೆ ಮತ್ತು ಉಳಿಕೆಯ ಲೆಕ್ಕವನ್ನು ರಿಜಿಸ್ಟರ್ ಹಾಗೂ ಎಕ್ಸೆಲ್‌ನಲ್ಲಿ ಇಡುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ಕೆಲಸ ಮಾಡಬಲ್ಲೆ. ಅರಬ್ಬಿಯ ಮೊದಲ ಪಾಠಗಳಷ್ಟೇ ಗೊತ್ತು. ಈ ಪತ್ರವನ್ನು ಬೇರೊಬ್ಬರ ನೆರವಿನಿಂದ ಬರೆದಿದ್ದೇನೆ." ಕೊನೆಗೆ "ಮುರ್ಫಕಾತ್" ಎಂದು ಲಗತ್ತಿಸಿದ ಕಾಗದಗಳ ಪಟ್ಟಿ. ಸ್ವವಿವರದ ಹಾಳೆಯನ್ನು ಇಂಗ್ಲಿಷಿನಲ್ಲೇ ಇಟ್ಟೆವು, ಏಕೆಂದರೆ ಜಾಹೀರಾತು ಇದ್ದದ್ದು ಇಂಗ್ಲಿಷಿನಲ್ಲಿ. ಮೊದಲು ಅದನ್ನು ಓದುವವರು ಅರಬರೇ ಆಗಿರಬೇಕೆಂದಿಲ್ಲ.

ಎರಡು ಸಣ್ಣ ಎಚ್ಚರ. ಎರಡು ವರ್ಷಕ್ಕೆ ಅರಬ್ಬಿಯಲ್ಲಿ ಅಂಕಿ ಬೇಡ, "ಸನತೈನ್" ಎಂಬ ಒಂದೇ ಪದ ಸಾಕು. ಅರ್ಜಿ ಹಾಕುವವರು ಹೆಣ್ಣುಮಕ್ಕಳಾದರೆ "ಪಡೆದಿದ್ದೇನೆ" ಎಂಬಲ್ಲಿ "ಹಾಸಿಲ್" ಹೋಗಿ "ಹಾಸಿಲ" ಆಗಬೇಕು. ಇನ್ನೊಂದು, ಅರಬ್ಬಿ ಬಲದಿಂದ ಎಡಕ್ಕೆ ಸಾಗುವುದರಿಂದ, ನಡುವೆ ಜಾಗ ಬಿಟ್ಟು ಟೈಪ್ ಮಾಡಿದ ಫೋನ್ ನಂಬರಿನ ತುಂಡುಗಳು ಹಿಂದುಮುಂದಾಗುತ್ತವೆ. ಆದ್ದರಿಂದ 0091 ಸೇರಿಸಿ ನಂಬರನ್ನು ಜಾಗ ಬಿಡದೆ, ಪ್ರತ್ಯೇಕ ಸಾಲಿನಲ್ಲಿ ಬರೆದು, ಪಿಡಿಎಫ್ ಮಾಡಿದ ಮೇಲೆ ಒಮ್ಮೆ ಓದಿ ನೋಡಬೇಕು. ಹೆಸರನ್ನು ಅರಬ್ಬಿಯಲ್ಲಿ ಬರೆದು, ಪಕ್ಕದಲ್ಲಿ ಪಾಸ್‌ಪೋರ್ಟಿನಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೂ ಹಾಗೆಯೇ ಕೊಡಬೇಕು.

ಪತ್ರ ಮುಗಿದಾಗ ಅಣ್ಣ ಒಂದು ಮಾತು ಕೇಳಿದರು: "ಎಲ್ಲಾರೂ ಮೂರು ವರ್ಷ ಅಂತನೇ ಬರೀತಾರ. ನಾನೊಬ್ಬನೇ ಖರೇ ಬರದ್ರ ನನಗೇ ಲುಕ್ಸಾನ್ ಅಲ್ಲೇನು?" ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಎಂಟು ತಿಂಗಳ ಕೊರತೆಯಿಂದಲೇ ಅವರ ಅರ್ಜಿಯನ್ನು ಪಕ್ಕಕ್ಕೆ ಇಡಬಹುದು. ಆದರೆ ಅರ್ಜಿಯ ಜೊತೆ ಅನುಭವ ಪತ್ರ ಹೋಗುತ್ತದೆ, ಅದರಲ್ಲಿ ಕೆಲಸಕ್ಕೆ ಸೇರಿದ ತಾರೀಖು ಇರುತ್ತದೆ. ಅರ್ಜಿ ಒಂದು ಹೇಳಿ, ಪ್ರಮಾಣಪತ್ರ ಇನ್ನೊಂದು ಹೇಳಿದರೆ ಎಂಟು ತಿಂಗಳಷ್ಟೇ ಅಲ್ಲ, ಖರೇ ಇರುವ ಎರಡು ವರ್ಷ ನಾಲ್ಕು ತಿಂಗಳ ಮೇಲೂ ಅನುಮಾನ ಬರುತ್ತದೆ. ಸಂದರ್ಶನದಲ್ಲಿ ಅರಬ್ಬಿಯಲ್ಲಿ ಒಂದು ಪ್ರಶ್ನೆ ಕೇಳಿದರೂ "ಪೂರ್ತಿ ಹಿಡಿತ"ದ ಬಣ್ಣ ಅಲ್ಲೇ ಬಯಲಾಗುತ್ತದೆ. ಆಗ ತಲೆ ತಗ್ಗಿಸುವವರು ಬರೆದುಕೊಟ್ಟ ನಾವಲ್ಲ, ಅಲ್ಲಿ ಕುಳಿತ ಅವರು. ಇನ್ನೊಂದು ಮಾತೂ ಹೇಳಿದೆ. ಸ್ಟೋರ್‌ಕೀಪರಿಗೆ ಅರಬ್ಬಿಯಲ್ಲಿ "ಅಮೀನ್ ಮುಸ್ತೌದಅ್" ಅನ್ನುತ್ತಾರೆ. ಅಮೀನ್ ಎಂದರೆ ನಂಬಿ ಒಪ್ಪಿಸಿದ್ದನ್ನು ಕಾಯುವವನು. ಆ ಹುದ್ದೆಗೆ ಹಾಕುವ ಅರ್ಜಿಯ ಮೊದಲ ಲೆಕ್ಕವೇ ತಪ್ಪಾಗಿರಬಾರದು. ಅಣ್ಣ ಮತ್ತೊಮ್ಮೆ ಓದಿಸಿ ಕೇಳಿ, ಹೊಸ ಕಾಗದಕ್ಕೆ ಸಹಿ ಹಾಕಿದರು. ಕಂಪನಿಯಿಂದ ಉತ್ತರ ಇನ್ನೂ ಬಂದಿಲ್ಲ.

ಅರಬ್ಬಿ ಬಲ್ಲ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಯಾರಿಗಾದರೂ ಅರ್ಜಿ ಬರೆದುಕೊಟ್ಟರೆ, ಸಹಿಗೆ ಮುಂಚೆ ಅದನ್ನು ಸಾಲುಸಾಲಾಗಿ ಕನ್ನಡದಲ್ಲೋ ಉರ್ದುವಿನಲ್ಲೋ ಅವರಿಗೆ ಓದಿ ಹೇಳಿ. ಅವರು "ಇದು ನಾನೇ" ಎಂದ ಮೇಲೆ ಮಾತ್ರ ಪೆನ್ನು ಅವರ ಕೈಗೆ ಕೊಡಿ.