ಬುಧವಾರ ಹನ್ನೊಂದು ಗಂಟೆಯ ಸಭೆ ಯಾರಿಗಾಗಿ?

ನಮ್ಮ ಊರಿನ ಒಂದು ಕ್ರೀಡಾ ಸಂಘದ ನೋಟೀಸು ನಮ್ಮ ಮೇಜಿನ ಮೇಲೆ ಬಿದ್ದಿದೆ. ಸಂಘದ ಹೆಸರು ಬರೆಯುವುದಿಲ್ಲ. ಗಿರಣಿ ಕಾಮಗಾರರ ಹುಡುಗರೂ ಪೇಟೆಯ ಚಿಕ್ಕ ಅಂಗಡಿಕಾರರ ಮಕ್ಕಳೂ ಒಂದೇ ಮೈದಾನದಲ್ಲಿ ಆಡುವ ಸಂಘವೆಂದರೆ ಸಾಕು, ತಿಳಿಯಬೇಕಾದವರಿಗೆ ತಿಳಿಯುತ್ತದೆ. ನೋಟೀಸಿನ ಒಕ್ಕಣೆ ಹೀಗಿದೆ:

“ಇದೇ ತಿಂಗಳ 18ನೆಯ ತಾರೀಖು ಬುಧವಾರ ಬೆಳಿಗ್ಗೆ 11 ಗಂಟೆಗೆ ವಿಶೇಷ ಸರ್ವಸಾಧಾರಣ ಸಭೆ ಕರೆಯಲಾಗಿದೆ. ವಿಷಯಗಳು: ಸಂಘದ ಆಡಳಿತ ಸುಧಾರಣೆ, ಪದಾಧಿಕಾರಿಗಳ ಕುರಿತು ಚರ್ಚಿಸಿ ಅಗತ್ಯ ಕ್ರಮ ಕೈಕೊಳ್ಳುವುದು, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು. ಗಣಪೂರ್ತಿಯಾಗದಿದ್ದಲ್ಲಿ ಸಭೆಯನ್ನು ಅರ್ಧ ತಾಸು ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು.”

ಓದಿದವರಿಗೆ ಏನು ತಿಳಿಯಿತು? ಏನೂ ಇಲ್ಲ. ಆದರೆ ಸಹಿ ಮಾಡಿದವರಿಗೆ ಎಲ್ಲ ಗೊತ್ತು. ಕಾರ್ಯದರ್ಶಿಯನ್ನು ಇಳಿಸಬೇಕಾಗಿದೆ. ಪ್ರದರ್ಶನಗಳಿಗೂ ಮದುವೆ ಮಂಟಪಗಳಿಗೂ ಮೈದಾನ ಕೊಟ್ಟ ಬಾಡಿಗೆಯ ಜಮಾಖರ್ಚು ಎಲ್ಲಿ ಎಂದು ಆತ ಎರಡು ಸಲ ಕೇಳಿದ್ದಾನೆ. ಮೂರನೆಯ ಸಲ ಕೇಳುವ ಮೊದಲು ಆತ ಹೋಗಬೇಕು, ಇಷ್ಟೇ ಸಂಗತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಕಾರ್ಯದರ್ಶಿಯ ವಕೀಲಿ ನಮ್ಮ ಕೆಲಸವಲ್ಲ. ಆತನೂ ದೇವರಲ್ಲ, ಅವನ ಒರಟು ಬಾಯಿಯ ಪರಿಚಯ ಈ ಪತ್ರಿಕೆಗೂ ಇದೆ. ಆರಿಸಿದ ಸಭಾಸದರಿಗೆ ಇಳಿಸುವ ಹಕ್ಕೂ ಇರಬೇಕು. ಆದರೆ ಯಾರನ್ನು, ಯಾತಕ್ಕೆ ಇಳಿಸುತ್ತಿದ್ದೇವೆಂದು ಗೊತ್ತಿಲ್ಲದೆ ಮನೆಯಲ್ಲೇ ಉಳಿದ ಸಭಾಸದನ ಹಕ್ಕನ್ನು ಕದ್ದವರಾರು? ಕಳವು ನಡೆದದ್ದು ಸಭೆಯಲ್ಲಲ್ಲ, ನೋಟೀಸಿನಲ್ಲಿ.

ಪಾಕೀಟಿನಿಂದಲೇ ಆರಂಭಿಸೋಣ. ಈ ಸಂಘದ ಪೋಟನಿಯಮದ ಪ್ರಕಾರ ವಿಶೇಷ ಸಭೆಗೆ ಪೂರ್ತಿ 14 ದಿನಗಳ ಮುನ್ಸೂಚನೆ ಬೇಕು. ‘ಪೂರ್ತಿ’ ಎಂದರೆ ನೋಟೀಸು ಹೊರಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಬೇಕು. ನೋಟೀಸಿನ ತಲೆಯ ಮೇಲೆ 2ನೆಯ ತಾರೀಖು ಇದೆ. ಹಾಗೆ ಎಣಿಸಿದರೆ 15 ದಿನ ಸಿಗುತ್ತದೆ, ಲೆಕ್ಕ ಸರಿ. ಪಾಕೀಟು ತಿರುವಿ ನೋಡಿರಿ, ಟಪಾಲು ಶಿಕ್ಕೆ 9ನೆಯ ತಾರೀಖಿನದು. ಆಗ ಉಳಿಯುವುದು 8 ದಿನ. ಕಾಗದದ ಮೇಲಿನ ತಾರೀಖನ್ನು ಬರೆಯುವವನು ತನ್ನ ಕೈಯಿಂದ ಬರೆದುಕೊಳ್ಳಬಹುದು. ಶಿಕ್ಕೆ ಅವನ ಕೈಯಲ್ಲಿಲ್ಲ. ಆದ್ದರಿಂದ ಪಾಕೀಟನ್ನು ಯಾರೂ ಹರಿದು ಒಲೆಗೆ ಹಾಕಬಾರದು.

ಇನ್ನು ಬೇಡಿಕೆ ಪತ್ರ. ವಿಶೇಷ ಸಭೆ ಬೇಕೆಂದು ಐದನೆಯ ಒಂದು ಪಾಲು ಸಭಾಸದರು ಸಹಿ ಹಾಕಬೇಕು. ಸಭಾಸದರು 214; ಬೇಕಾದ ಸಹಿ 43. ಇವರು 46 ಸಹಿ ತೋರಿಸುತ್ತಾರೆ. ಆದರೆ ಒಂದು ವರ್ಷ ವರ್ಗಣಿ ಬಾಕಿ ಇಟ್ಟವನಿಗೆ ಸಹಿಯ ಹಕ್ಕಿಲ್ಲವೆಂದು ಅದೇ ಪೋಟನಿಯಮದಲ್ಲಿದೆ. ಸಹಿ ಮಾಡಿದ 46 ಮಂದಿಯಲ್ಲಿ ಐವರ ವರ್ಗಣಿ ಬಾಕಿ. ಉಳಿದದ್ದು 41. ವರ್ಗಣಿ ಪುಸ್ತಕ ಖಜಾಂಚಿಯ ಹತ್ತಿರ ಇದೆ, ಖಜಾಂಚಿ ಸಹಿ ಮಾಡಿದವರಲ್ಲೊಬ್ಬ! ಬೇಡಿಕೆ ಪತ್ರವನ್ನೂ ವರ್ಗಣಿ ಪುಸ್ತಕವನ್ನೂ ಒಟ್ಟಿಗೆ ತೆರೆದಿಟ್ಟು ನೋಡುವವರೆಗೆ ಈ ಸಂಖ್ಯೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲಕ್ಕಿಂತ ವಿಷ ಇರುವುದು ಕೊನೆಯ ಸಾಲಿನಲ್ಲಿ, ಆ ಅರ್ಧ ತಾಸಿನಲ್ಲಿ. ಗಣಪೂರ್ತಿಗೆ 54 ಮಂದಿ ಬೇಕು. ಬುಧವಾರ ಹನ್ನೊಂದಕ್ಕೆ ಯಾರು ಬರುತ್ತಾರೆ? ಮೊದಲ ಪಾಳಿಯವನು ಯಂತ್ರದ ಮುಂದೆ, ರಾತ್ರಿ ಪಾಳಿಯವನು ನಿದ್ದೆಯಲ್ಲಿ, ಕಿರಾಣಿಯವನು ತಕ್ಕಡಿಯ ಹಿಂದೆ. ಬರುವವರು ಮೂವತ್ತು ಮಂದಿ, ಕಾರಿನವರು. 54 ಆಗಲಿಲ್ಲವೆಂದು ಅರ್ಧ ತಾಸು ಚಹಾ ಕುಡಿದು ‘ಮುಂದೂಡಿದ ಸಭೆ’ ಕೂಡುತ್ತದೆ. ಅದಕ್ಕೆ ಗಣಪೂರ್ತಿ ಬೇಕಿಲ್ಲವಂತೆ. ಹಾಜರಿದ್ದು ಮತ ಹಾಕಿದವರ ಮೂರರಲ್ಲೆರಡು ಪಾಲು ಸಾಕು. ಅಂದರೆ 214 ಮಂದಿಯ ಕಾರ್ಯದರ್ಶಿಯನ್ನು ಇಳಿಸಲು 20 ಕೈ ಎದ್ದರಾಯಿತು.

ವರ್ಷದ ಸಾಮಾನ್ಯ ಸಭೆಗೆ ಈ ಅರ್ಧ ತಾಸಿನ ಕಲಮು ಉಪಯೋಗದ್ದೇ; ಇಲ್ಲದಿದ್ದರೆ ಜಮಾಖರ್ಚು ಮಂಜೂರಾಗುವುದೇ ಇಲ್ಲ. ಆದರೆ ಸಭಾಸದರೇ ಬೇಡಿ ಕರೆಸಿದ ಸಭೆಗೆ ಅದನ್ನು ಅಂಟಿಸುವುದು ಹೇಗೆ? ಬಂಡವಾಳಗಾರರ ಕಂಪನಿಗಳಿಗಾಗಿ ಮಾಡಿದ 2013ರ ಕಂಪನಿ ಕಾಯಿದೆ ಕೂಡ 103ನೆಯ ಕಲಮಿನಲ್ಲಿ, ಬೇಡಿಕೆಯ ಮೇಲೆ ಕರೆದ ಸಭೆ ಅರ್ಧ ತಾಸಿನೊಳಗೆ ಗಣಪೂರ್ತಿಯಾಗದಿದ್ದರೆ ರದ್ದು ಎಂದು ಹೇಳುತ್ತದೆ. ಬೇಡಿಕೆ ಮಾಡಿದವರೇ ಬರಲಿಲ್ಲವೆಂದ ಮೇಲೆ ಬೇಡಿಕೆ ಎಲ್ಲಿ ಉಳಿಯಿತು? ಆ ಕಾಯಿದೆ ನಮ್ಮ ಸಂಘಕ್ಕೆ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಇಲ್ಲಿ ನಡೆಯುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ಮತ್ತು ಸಂಘದ ಸ್ವಂತ ಪೋಟನಿಯಮ. ಆದರೆ ಶೇರುದಾರನಿಗೆ ಸಿಕ್ಕಷ್ಟು ರಕ್ಷಣೆ ವರ್ಗಣಿದಾರನಿಗೆ ಬೇಡವೇ?

ಇದೆಲ್ಲ ಕ್ಷುಲ್ಲಕ ತಾಂತ್ರಿಕ ಮಾತೆಂದು ಹೇಳುವ ಪುಢಾರಿಗಳಿದ್ದಾರೆ. ಅವರು ದಿಲ್ಲಿಯ ಕಡೆ ನೋಡಲಿ. 2024ರ ಅಕ್ಟೋಬರದಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಅವರ ಮೇಲೆ ಅವಿಶ್ವಾಸ ತರಲು 25ನೆಯ ತಾರೀಖಿಗೆ ವಿಶೇಷ ಸಭೆಯ ಕಾರ್ಯಸೂಚಿ ಹೊರಟಿತು. ಅದಕ್ಕೆ ಕಲ್ಯಾಣ ಚೌಬೆ ಅವರು ಹಂಗಾಮಿ ಮುಖ್ಯ ಕಾರ್ಯನಿರ್ವಾಹಕರೆಂದು ಸಹಿ ಮಾಡಿದ್ದರು. ಆ ಹುದ್ದೆಗೆ ರಘುರಾಮ ಅಯ್ಯರ್ ಅವರನ್ನು ನೇಮಿಸಿಯಾಗಿದೆ, ಈ ಕಾಗದ ಹೊರಡಿಸಲು ನಿಮಗೆ ಅಧಿಕಾರವಿಲ್ಲ ಎಂದರು ಉಷಾ. ಆ ನೇಮಕವನ್ನೇ ನಾವು ಒಪ್ಪಿಲ್ಲ ಎಂದರು ಕಾರ್ಯಕಾರಿ ಸಮಿತಿಯ ಹೆಚ್ಚಿನವರು. ಜಗಳವೆಲ್ಲ ಬಂದು ನಿಂತದ್ದು ನೋಟೀಸಿಗೆ ಸಹಿ ಹಾಕುವ ಕೈ ಯಾರದು ಎಂಬಲ್ಲಿ. ಆ ಮತದಾನ ನಡೆಯಲಿಲ್ಲ. ಉಷಾ ಹುದ್ದೆಯಲ್ಲಿ ಉಳಿದರು. ಅವರಲ್ಲಿ ಯಾರು ಸರಿ ಎಂಬುದು ನಮಗೆ ಇಲ್ಲಿ ಮುಖ್ಯವಲ್ಲ. ನಮ್ಮ ಊರಿನ ನೋಟೀಸಿಗೂ ಕಾರ್ಯದರ್ಶಿಯ ಸಹಿ ಇಲ್ಲ, ಅಧ್ಯಕ್ಷರದಿದೆ. ಕಾರ್ಯದರ್ಶಿ ಸಭೆ ಕರೆಯಲು ನಿರಾಕರಿಸಿದರೆ ಮಾತ್ರ ಅಧ್ಯಕ್ಷರು ಕರೆಯಬಹುದೆಂದು ಪೋಟನಿಯಮ ಹೇಳುತ್ತದೆ. ಆತನಿಗೆ ಬೇಡಿಕೆ ಪತ್ರವನ್ನೇ ಕೊಡದಿದ್ದರೆ ನಿರಾಕರಿಸುವುದೆಲ್ಲಿ ಬಂತು?

ಸರಿಯಾಗಿ ಇಳಿಸುವ ದಾರಿ ಇಲ್ಲವೇ? ಇದೆ. ದೂರ ಬೇಡ, ಬೆಳಗಾವಿಗೆ ಹೋಗಿ ನೋಡಿರಿ. ಅಲ್ಲಿಯ ವಿಕ್ಟೋರಿಯಾ ಲಾಜ್ ತನ್ನ ಒಬ್ಬ ಸಭಾಸದನನ್ನು ಹೊರಹಾಕಿತು. ಖಟ್ಲೆ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ತೀರ್ಪು 1963ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಸಂಘ ತನ್ನ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಸದುದ್ದೇಶದಿಂದ ನಡೆಯಬೇಕು, ಆರೋಪ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು ಎಂದಿತು ಕೋರ್ಟು. ಲಾಜ್ ಅದನ್ನು ಮಾಡಿತ್ತು; ಹೊರಹಾಕಿದ್ದು ನಿಂತಿತು. ಅದು ಸದಸ್ಯತ್ವದ ಮಾತು, ಇದು ಹುದ್ದೆಯ ಮಾತು, ವ್ಯತ್ಯಾಸವುಂಟು. ಆದರೆ ಶ್ರೀಮಂತರ ಲಾಜು ಪಾಲಿಸಿದ ಮರ್ಯಾದೆಯನ್ನು ಕಾಮಗಾರರ ಮಕ್ಕಳ ಸಂಘ ಪಾಲಿಸಬಾರದೇ? “ಇಂಥ ಕಾರಣಕ್ಕಾಗಿ ಕಾರ್ಯದರ್ಶಿಯನ್ನು ಹುದ್ದೆಯಿಂದ ತೆಗೆಯುವ ಠರಾವು” ಎಂದು ಬರೆಯಲು ಒಂದು ಸಾಲು ಸಾಕಿತ್ತು. ಬರೆದಿದ್ದರೆ ಮೈದಾನದ ಬಾಡಿಗೆಯೂ ಚರ್ಚೆಗೆ ಬರುತ್ತಿತ್ತು. ಅದೇ ಅವರ ಭಯ.

18ರ ಸಭೆಗೆ ಸಭಾಸದರು ರಜೆ ಹಾಕಿಯಾದರೂ ಹೋಗಬೇಕು. ಹೋಗಿ ಸುಮ್ಮನೆ ಕೂತರೆ, ನೋಟೀಸಿನ ದೋಷವನ್ನು ನೀವು ಒಪ್ಪಿಕೊಂಡಿರಿ ಎಂದು ನಾಳೆ ವಾದಿಸುತ್ತಾರೆ. ಆದ್ದರಿಂದ ಮೊದಲ ವಿಷಯ ಓದುವ ಮುಂಚೆ ಎದ್ದು ನಿಂತು, 8 ದಿನ, 41 ಸಹಿ, ಬೇಡಿಕೆ ಪತ್ರ ಮುಟ್ಟದ ಕಾರ್ಯದರ್ಶಿ, ಹೆಸರಿಲ್ಲದ ವಿಷಯ, ಈ ಆಕ್ಷೇಪವನ್ನು ಬರಹದಲ್ಲಿ ಕೊಟ್ಟು ನಡಾವಳಿ ಪುಸ್ತಕದಲ್ಲಿ ನಮೂದಿಸಿರೆಂದು ಕೇಳಬೇಕು. ನಮೂದಿಸಲು ಒಪ್ಪದಿದ್ದರೆ ಪ್ರತಿಯನ್ನು ಅಂದೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಜಮಾಖರ್ಚಿನ ವಿಷಯ ಬೇರೆಯೇ ಇದೆ. ಸಭಾಸದರ ಮೂರನೆಯ ಒಂದು ಪಾಲು ಅರ್ಜಿ ಹಾಕಿದರೆ 1960ರ ಕಾಯಿದೆಯ 25ನೆಯ ಕಲಮಿನಂತೆ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. 214ರಲ್ಲಿ ಅದು 72 ಸಹಿ. ವರ್ಗಣಿ ಬಾಕಿ ಇದ್ದವರು ಮೊದಲು ಅದನ್ನು ತುಂಬಿ ಪಾವತಿ ಪಡೆದು, ಆಮೇಲೆ ಸಹಿ ಮಾಡಲಿ.